ನೊರೆ ಮೇಲೆ, ಪರೀಕ್ಷೆ ತಳದಲ್ಲಿ

ಝಬಯೋನೆಗೆ ಬೇಕಾದ್ದು ಮೂರೇ ಸಾಮಾನು: ಮೊಟ್ಟೆಯ ಹಳದಿ, ಸಕ್ಕರೆ, ವೈನ್. ಹಿಟ್ಟಿಲ್ಲ, ಬೆಣ್ಣೆಯಿಲ್ಲ, ಕೆನೆಯೂ ಇಲ್ಲ. ಇವನ್ನು ಬಿಸಿನೀರಿನ ಆವಿಯ ಮೇಲಿಟ್ಟು ಬಿಡದೆ ಕಡೆದರೆ ಹತ್ತು ನಿಮಿಷದೊಳಗೆ ಬೋಗುಣಿ ತುಂಬ ತಿಳಿ ಹಳದಿಯ ದಪ್ಪ ನೊರೆ ಏಳುತ್ತದೆ. ಇಟಲಿಯ ಉತ್ತರಕ್ಕಿರುವ ಪೀಡ್‌ಮಾಂಟ್ ಪ್ರಾಂತ್ಯದವರು ಇದು ತಮ್ಮದೆನ್ನುತ್ತಾರೆ, ಆದರೆ ಮಾಡುವುದು ಇಟಲಿಯ ಉದ್ದಗಲಕ್ಕೂ. ಪೆಲೆಗ್ರಿನೊ ಅರ್ತೂಸಿ 1891ರಲ್ಲಿ ಹೊರತಂದ ಹೆಸರಾಂತ ಅಡುಗೆ ಪುಸ್ತಕದಲ್ಲೂ ಇದಕ್ಕೆ ಜಾಗವಿದೆ. ಫ್ರೆಂಚರ ಸಬಯೋನ್ ಕೂಡ ಇದೇ ಮನೆತನದ್ದು. ಅದಕ್ಕೆ ಶಾಂಪೇನ್ ಅಥವಾ ಬೇರೆ ಬಿಳಿ ವೈನ್ ಬಳಸಿ, ತುಸು ತೆಳ್ಳಗೆ ಮಾಡಿ, ಹಣ್ಣಿನ ಮೇಲೆ ಸುರಿಯುವ ಸಿಹಿ ಸಾಸ್ ಆಗಿ ಬಡಿಸುತ್ತಾರೆ.

ಸಾಮಾನು ಮೂರೇ ಆದ್ದರಿಂದ ಅಳತೆಯಲ್ಲಿ ಕಷ್ಟವೇನಿಲ್ಲ. ಕಷ್ಟವಿರುವುದು ಒಲೆಯಿಂದ ಇಳಿಸುವ ಗಳಿಗೆಯನ್ನು ಗುರುತಿಸುವುದರಲ್ಲಿ. ಮೇಲಿನ ನೊರೆ ನೋಡಿದರೆ ಆಗಿಹೋಯಿತು ಅನ್ನಿಸುವ ಹೊತ್ತಿಗೆ ತಳದಲ್ಲಿ ಇನ್ನೂ ಹಸಿ ದ್ರವ ಉಳಿದಿರುತ್ತದೆ. ಹೊಸಬರ ಝಬಯೋನೆ ಲೋಟಕ್ಕೆ ಹಾಕಿದ ಸ್ವಲ್ಪ ಹೊತ್ತಿಗೇ ಒಡೆದು, ಅಡಿಯಲ್ಲಿ ವೈನ್ ನಿಲ್ಲುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ನೊರೆ ಏಳುವುದು ಹೇಗೆಂದು ತಿಳಿದರೆ ಗುರುತಿಸುವುದು ಸುಲಭ. ಮೊಟ್ಟೆಯ ಬಿಳಿಯನ್ನು ಕಡೆದರೆ ತಣ್ಣಗಿದ್ದಾಗಲೇ ನೊರೆ ನಿಲ್ಲುತ್ತದೆ, ಹಳದಿ ಹಾಗಲ್ಲ. ಹಳದಿಯಲ್ಲಿ ನೀರಿನಂಶ ಅರ್ಧದಷ್ಟು ಮಾತ್ರ, ಗುಳ್ಳೆ ಕಟ್ಟಲು ಅದು ಸಾಲದು. ಆ ಕೊರತೆಯನ್ನು ವೈನ್ ತುಂಬುತ್ತದೆ. ಆದರೂ ತಣ್ಣಗೆ ಕಡೆದ ನೊರೆ ಕೈ ನಿಲ್ಲಿಸಿದೊಡನೆ ಇಳಿದುಹೋಗುತ್ತದೆ, ಯಾಕೆಂದರೆ ಹಳದಿಯ ಪ್ರೋಟೀನುಗಳು ಇನ್ನೂ ಮುದುಡಿಕೊಂಡೇ ಇರುತ್ತವೆ. ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅವು ಬಿಚ್ಚಿಕೊಳ್ಳತೊಡಗುತ್ತವೆ. ಮಿಶ್ರಣ ದಪ್ಪಗಾಗಿ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾವು ಇನ್ನೂ ಏರಿದಂತೆ ಬಿಚ್ಚಿದ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗುಳ್ಳೆಯ ಗೋಡೆಯನ್ನು ಗಟ್ಟಿ ಮಾಡುತ್ತವೆ. ಹೆಣಿಗೆ ಅತಿಯಾದರೆ ನೊರೆ ಬಿಗಿದು ಸ್ಪಂಜಿನಂತಾಗುತ್ತದೆ, ಕೊನೆಗೆ ಮೊಟ್ಟೆ ಬೆಂದು ಕಾಳುಕಾಳಾಗುತ್ತದೆ. ಬರೀ ಹಳದಿಯಾಗಿದ್ದರೆ 70 ಡಿಗ್ರಿಯ ಹೊತ್ತಿಗೇ ಗಟ್ಟಿಯಾಗಿಬಿಡುತ್ತಿತ್ತು. ಸಕ್ಕರೆಯೂ ವೈನಿನ ನೀರೂ ಬೆರೆತಿರುವುದರಿಂದ ಇಲ್ಲಿ ನಮಗೆ ತುಸು ಹೆಚ್ಚು ಬಿಡುವು ಸಿಗುತ್ತದೆ.

ನಾಲ್ಕು ಜನಕ್ಕೆ ಆಗುವಷ್ಟು ಮಾಡೋಣ. ನಾಲ್ಕು ಹಳದಿ, ನಾಲ್ಕು ಟೇಬಲ್ ಚಮಚ ಸಕ್ಕರೆ ಅಂದರೆ ಸುಮಾರು 50 ಗ್ರಾಂ, ವೈನ್ 100 ಮಿಲಿಲೀಟರ್. ಇಟಲಿಯ ಮನೆಗಳಲ್ಲಿ ಅಳತೆಗೆ ಮೊಟ್ಟೆಯ ಚಿಪ್ಪೇ ಸಾಕು: ಒಂದು ಹಳದಿಗೆ ಅರ್ಧ ಚಿಪ್ಪು ವೈನ್. ರೂಢಿಯ ವೈನ್ ಸಿಸಿಲಿಯ ಮಾರ್ಸಾಲಾ. ಅದಕ್ಕೆ ಮದ್ಯಸಾರ ಬೆರೆಸಿ ಗಡುಸು ಮಾಡಿರುತ್ತಾರೆ, ಬಿಸಿ ತಗುಲಿದರೂ ಅದರ ಪರಿಮಳ ಕೆಡುವುದಿಲ್ಲ. ಪೀಡ್‌ಮಾಂಟಿನಲ್ಲಿ ಅಲ್ಲಿಯದೇ ಮಸ್ಕಾಟೊ ವೈನಿನಲ್ಲೂ ಮಾಡುತ್ತಾರೆ. ಮಾರ್ಸಾಲಾ ಸಿಗದಿದ್ದರೆ ಯಾವುದೇ ಸಿಹಿ ಬಿಳಿ ವೈನ್ ನಡೆಯುತ್ತದೆ.

ಸಕ್ಕರೆಯನ್ನು ಹಳದಿಯ ಮೇಲೆ ಸುರಿದು ಬೇರೆ ಕೆಲಸಕ್ಕೆ ಹೋಗಬೇಡಿ. ಸಕ್ಕರೆ ನೀರನ್ನು ಎಳೆದುಕೊಂಡು ಹಳದಿಯಲ್ಲಿ ಗಟ್ಟಿ ಚುಕ್ಕೆಗಳು ಏಳುತ್ತವೆ, ಆಮೇಲೆ ಎಷ್ಟು ಕಡೆದರೂ ಅವು ಕರಗುವುದಿಲ್ಲ. ಹಾಕಿದ ಕೂಡಲೇ ವಿಸ್ಕಿನಿಂದ ಕಡೆದು, ಬಣ್ಣ ತಿಳಿಯಾದ ಮೇಲೆ ವೈನನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ಬೋಗುಣಿ ಸ್ಟೀಲಿನದೋ ಗಾಜಿನದೋ ಇರಲಿ. ಅಲ್ಯೂಮಿನಿಯಂ ಆದರೆ ವೈನಿನ ಹುಳಿ ತಾಗಿ ನೊರೆ ಬೂದುಬಣ್ಣಕ್ಕೆ ತಿರುಗುತ್ತದೆ. ಇಟಲಿಯಲ್ಲಿ ಇದಕ್ಕೆಂದೇ ಪೊಲ್ಸೊನೆತ್ತೊ ಎಂಬ ದುಂಡುತಳದ, ಕಲಾಯಿಯಿಲ್ಲದ ತಾಮ್ರದ ಪಾತ್ರೆಯಿದೆ. ನೋಡಲು ಚೆಂದ, ಅದೇ ಬೇಕೆಂದೇನಿಲ್ಲ. ಆದರೆ ತಳ ದುಂಡಗಿರಲಿ, ಮೂಲೆಯಿದ್ದರೆ ವಿಸ್ಕ್ ತಲುಪದ ಕಡೆ ಮೊಟ್ಟೆ ಬೆಂದು ಕೂರುತ್ತದೆ.

ಕೆಳಗಿನ ಪಾತ್ರೆಯಲ್ಲಿ ಎರಡು ಬೆರಳಷ್ಟು ನೀರು ಸಾಕು. ಬೋಗುಣಿಯ ತಳ ನೀರಿಗೆ ತಾಗಬಾರದು. ನೀರು ಕೊತಕೊತ ಕುದಿಯದೆ ಸಣ್ಣ ಗುಳ್ಳೆ ಬಿಡುತ್ತಿದ್ದರೆ ಆವಿಯ ಕಾವು ಮೆಲ್ಲಗೆ ಏರುತ್ತದೆ. ನೀರು ಜೋರಾಗಿ ಕುದ್ದರೆ ಅಂಚು ಮೊದಲು ಬೇಯುತ್ತದೆ, ನಡುವೆ ಹಸಿಯಾಗೇ ಉಳಿಯುತ್ತದೆ.

ಈಗ ಕಡೆಯುತ್ತಾ ನೋಡುತ್ತಿರಿ. ಮೊದಲ ಒಂದೆರಡು ನಿಮಿಷ ದೊಡ್ಡ ದೊಡ್ಡ ಗುಳ್ಳೆಗಳ ನೀರುನೀರು ನೊರೆ, ವಿಸ್ಕ್ ಎತ್ತಿದರೆ ಹಾಗೇ ಸೋರಿಹೋಗುತ್ತದೆ. ಮೂಗಿಗೆ ಹಸಿ ವೈನಿನ ಘಾಟು. ಆಮೇಲೆ ಗುಳ್ಳೆಗಳು ಸಣ್ಣಗಾಗಿ, ನೊರೆ ಬೋಗುಣಿಯ ಗೋಡೆ ಏರಿ ಮೂರರಷ್ಟಾಗುತ್ತದೆ. ಬಣ್ಣ ತಿಳಿಯಾಗಿ ಘಾಟೂ ತಗ್ಗುತ್ತದೆ. ಸಾಕಷ್ಟು ಜನ ಇಲ್ಲೇ ನಿಲ್ಲಿಸುತ್ತಾರೆ, ಆದರೆ ಇನ್ನೂ ಹೊತ್ತಿದೆ.

ವಿಸ್ಕನ್ನು ಬೋಗುಣಿಯ ತಳಕ್ಕೊತ್ತಿ ಒಂದು ಗೀರು ಎಳೆಯಿರಿ. ಬೋಗುಣಿಯ ಲೋಹ ಒಂದು ಕ್ಷಣ ಕಂಡು, ನೊರೆ ನಿಧಾನವಾಗಿ ಬಂದು ಮುಚ್ಚಿದರೆ ಹದ ಹತ್ತಿರ ಬಂದಿದೆ. ಗೀರಿನೊಳಗೆ ತೆಳ್ಳನೆಯ ಹಳದಿ ದ್ರವ ಜಿನುಗಿದರೆ ತಳ ಇನ್ನೂ ಹಸಿ, ಮೇಲೆ ನೊರೆ ಎಷ್ಟೇ ಉಬ್ಬಿರಲಿ. ಇನ್ನೊಂದು ಪರೀಕ್ಷೆಯನ್ನೂ ಮಾಡಿ: ವಿಸ್ಕ್ ಎತ್ತಿ ಹಿಡಿದಾಗ ನೊರೆ ಹುದುಗಿ ಬಂದ ಇಡ್ಲಿ ಹಿಟ್ಟಿನ ಹಾಗೆ ದಪ್ಪಗೆ ಇಳಿದು, ಬಿದ್ದ ಗುರುತು ಮೇಲೆ ಮೂರು ನಾಲ್ಕು ಸೆಕೆಂಡು ನಿಂತು, ಆಮೇಲೆ ಕರಗಬೇಕು. ಹರಿಯಬೇಕೋ ನಿಲ್ಲಬೇಕೋ ಎಂದು ಅದು ಹೊಯ್ದಾಡುತ್ತಿರುವ ಹೊತ್ತೇ ಸರಿಯಾದ ಹೊತ್ತು. ಥರ್ಮಾಮೀಟರ್ ಇದ್ದರೆ 71 ಡಿಗ್ರಿ ತೋರಿಸಲಿ. ಸಾಲ್ಮೊನೆಲ್ಲಾದ ಭಯಕ್ಕೆ ಮೊಟ್ಟೆಯ ತಿನಿಸುಗಳಿಗೆ ಅಮೆರಿಕದ ಆಹಾರ ಇಲಾಖೆ ಹೇಳುವ ಕಾವೂ ಅದೇ. ಆದರೆ ಅದರ ಮೊನೆಯನ್ನು ನೊರೆಯ ನೆತ್ತಿಯಲ್ಲಿ ಚುಚ್ಚದೆ ತಳದ ಹತ್ತಿರ, ಲೋಹಕ್ಕೆ ತಾಗದಂತೆ ಹಿಡಿಯಿರಿ.

ಮೀರಿಹೋಗುವ ಮುನ್ನ ಸೂಚನೆ ಅಂಚಿನಲ್ಲೇ ಸಿಗುತ್ತದೆ. ಗೋಡೆಗೆ ಮೊಟ್ಟೆಯ ಪದರ ಹತ್ತುತ್ತದೆ, ವಿಸ್ಕಿಗೆ ಸಣ್ಣ ಕಾಳು ತಾಗುತ್ತದೆ, ಬೇಯಿಸಿದ ಮೊಟ್ಟೆಯ ವಾಸನೆ ಬರುತ್ತದೆ, ನೊರೆಯ ಹೊಳಪು ಹೋಗುತ್ತದೆ. ಇಲ್ಲಿ ಹಿಂಜರಿಯದೆ ಬೋಗುಣಿಯನ್ನು ಒಲೆಯಿಂದ ತೆಗೆಯಿರಿ. ಬಿಸಿಯಾದ ಪಾತ್ರೆ ಒಲೆಯಿಂದ ಇಳಿಸಿದ ಮೇಲೂ ಬೇಯಿಸುತ್ತಲೇ ಇರುತ್ತದೆ, ಆದ್ದರಿಂದ ಇನ್ನರ್ಧ ನಿಮಿಷ ಕಡೆಯುತ್ತಲೇ ಇರಬೇಕು. ಕಾಳು ಕಟ್ಟಿದ ನೊರೆಯನ್ನು ಮತ್ತೆ ನೊರೆ ಮಾಡಲಾಗದು. ಜರಡಿ ಹಿಡಿದು ಒಂದಿಷ್ಟು ಬಿಸಿ ಕೆನೆ ಬೆರೆಸಿದರೆ ಕಸ್ಟರ್ಡ್‌ನಂಥ ಸಾಸ್ ಆದರೂ ದಕ್ಕುತ್ತದೆ.

ಈ ಹತ್ತು ನಿಮಿಷದ ಕಾವಿಗೆ ವೈನಿನ ಮದ್ಯಸಾರವೆಲ್ಲ ಹೋಗುವುದಿಲ್ಲ. ಮಕ್ಕಳಿಗೂ ಮದ್ಯ ಮುಟ್ಟದವರಿಗೂ ವೈನಿನ ಬದಲು ಕಿತ್ತಳೆ ರಸ ಹಾಕಿ ಮಾಡಬಹುದು, ಹದದ ಗುರುತುಗಳು ಇವೇ.

ಸರಿಯಾಗಿ ಬೆಂದ ಝಬಯೋನೆಯೂ ಹೆಚ್ಚು ಹೊತ್ತು ಕಾಯುವುದಿಲ್ಲ. ಕಾಲು ಗಂಟೆ ಕಳೆದರೆ ಗುಳ್ಳೆಗಳ ನಡುವಿನ ದ್ರವ ಇಳಿದು ತಳ ಸೇರತೊಡಗುತ್ತದೆ. ಅದಕ್ಕೇ ಹಣ್ಣು ಹೆಚ್ಚಿಟ್ಟು, ಬಿಸ್ಕತ್ತು ಜೋಡಿಸಿ, ತಿನ್ನುವವರು ಕೂತ ಮೇಲೆಯೇ ಒಲೆ ಹಚ್ಚುವುದು ವಾಸಿ. ಮುಂಚೆಯೇ ಮಾಡಿಡಬೇಕಾದರೆ ಬೋಗುಣಿಯನ್ನು ಐಸ್ ನೀರಿನಲ್ಲಿಟ್ಟು ಪೂರ್ತಿ ತಣ್ಣಗಾಗುವವರೆಗೆ ಕಡೆದು, ನೊರೆಯೆದ್ದ ಕೆನೆಯನ್ನು ಮೆಲ್ಲಗೆ ಬೆರೆಸಿ ಫ್ರಿಜ್ಜಿನಲ್ಲಿಡಿ, ಕೆಲವು ಗಂಟೆ ಕೆಡದೆ ನಿಲ್ಲುತ್ತದೆ.