ಸುಗಂಧದ್ರವ್ಯ ಬಾಟಲಿಗಳ ಮರುಭರ್ತಿ

ಸುಗಂಧದ್ರವ್ಯ ಬಾಟಲಿಗಳ ಮರುಭರ್ತಿ ಎಂದರೆ ಅತ್ತರು ಅಥವಾ ಸೆಂಟು ಮುಗಿದ ಬಾಟಲಿಯನ್ನು ಎಸೆಯದೆ ಅದರಲ್ಲಿಯೇ ಮತ್ತೆ ದ್ರವ್ಯವನ್ನು ತುಂಬಿಸಿಕೊಳ್ಳುವ ಪದ್ಧತಿ. ಇದರಿಂದ ಪರಿಸರಕ್ಕಾಗುವ ಲಾಭವು ಬಾಟಲಿಯನ್ನು ಎಷ್ಟು ಬಾರಿ ತುಂಬಲಾಗುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ.

== ಹಿನ್ನೆಲೆ ==

ಕರ್ನಾಟಕದಲ್ಲಿ ಈ ಪದ್ಧತಿ ಹೊಸದಲ್ಲ. ಮದುವೆಗಳಲ್ಲಿ ಅತಿಥಿಗಳಿಗೆ ಪನ್ನೀರು ಚಿಮುಕಿಸುವ ಬೆಳ್ಳಿಯ ಅಥವಾ ಹಿತ್ತಾಳೆಯ ಪನ್ನೀರುದಾನಿಯು ಮತ್ತೆ ಮತ್ತೆ ತುಂಬಿಸಿಕೊಳ್ಳುವ ಪಾತ್ರೆಯೇ ಆಗಿದೆ. ಅತ್ತರಿನ ಅಂಗಡಿಗಳಲ್ಲಿ ವ್ಯಾಪಾರಿಯು ದೊಡ್ಡ ಬಾಟಲಿಯಿಂದ ಅತ್ತರನ್ನು ತೊಲದ ಲೆಕ್ಕದಲ್ಲಿ ಅಳೆದು ಚಿಕ್ಕ ಶೀಷೆಗೆ ಹಾಕಿಕೊಡುತ್ತಾನೆ. 1 ತೊಲವು ಸುಮಾರು 11.66 ಗ್ರಾಂ. ವಿದೇಶಿ ಕಂಪನಿಗಳಲ್ಲಿ ಫ್ರಾನ್ಸಿನ ಮ್ಯೂಗ್ಲೇರ್ ಸಂಸ್ಥೆಯು 1992ರಲ್ಲಿ ಬಿಡುಗಡೆ ಮಾಡಿದ 'ಏಂಜಲ್' ಸುಗಂಧದ ನಕ್ಷತ್ರಾಕಾರದ ಬಾಟಲಿಯು ಮರುಭರ್ತಿಗೆ ಹೆಸರಾಗಿದೆ.

== ಬಾಟಲಿಯ ಕತ್ತು ==

ಖಾಲಿ ಬಾಟಲಿಯನ್ನು ಮತ್ತೆ ತುಂಬಬಹುದೇ ಎಂಬುದನ್ನು ಅದರ ಕತ್ತು ನಿರ್ಧರಿಸುತ್ತದೆ. ಸ್ಪ್ರೇ ಪಂಪು ತಿರುಪಿನಿಂದ ಕೂತಿದ್ದರೆ ಕೈಯಿಂದಲೇ ಬಿಚ್ಚಬಹುದು. ಅನೇಕ ಸೆಂಟು ಬಾಟಲಿಗಳಲ್ಲಿ ಪಂಪಿನ ಲೋಹದ ಪಟ್ಟಿಯನ್ನು ಯಂತ್ರದಿಂದ ಕತ್ತಿನ ಸುತ್ತ ಅಮುಕಿ ಬಿಗಿದಿರುತ್ತಾರೆ. ಇಕ್ಕಳದಿಂದ ಅದನ್ನು ಕಿತ್ತರೆ ಕತ್ತು ಒಡೆಯಬಹುದು. ಒಡೆಯದಿದ್ದರೂ ಪಟ್ಟಿಯು ಮತ್ತೆ ಬಿಗಿಯಾಗಿ ಕೂರದೆ ದ್ರವ್ಯ ಸೋರುತ್ತದೆ. ಗಾಜಿನ ಮರುಬಳಕೆಗೂ ಇದು ತೊಡಕು, ಏಕೆಂದರೆ ಪ್ಲಾಸ್ಟಿಕ್ ಮತ್ತು ಲೋಹ ಬೆರೆತ ಪಂಪು ಗಾಜಿನಿಂದ ಸುಲಭವಾಗಿ ಬೇರ್ಪಡುವುದಿಲ್ಲ.

== ಸ್ವಚ್ಛಗೊಳಿಸುವಿಕೆ ==

ಅದೇ ಸುಗಂಧವನ್ನು ತುಂಬುವುದಾದರೆ ಬಾಟಲಿಯನ್ನು ತೊಳೆಯುವ ಅಗತ್ಯ ಕಡಿಮೆ. ಬೇರೆಯದನ್ನು ತುಂಬುವುದಾದರೆ ಎಣ್ಣೆಯಂಶವು ಬರಿಯ ನೀರಿಗೆ ಹೋಗದ ಕಾರಣ ಶುದ್ಧ ಈಥೈಲ್ ಆಲ್ಕೋಹಾಲಿನಿಂದ ತೊಳೆದು, ಬಾಟಲಿಯನ್ನು ಬೋರಲು ಹಾಕಿ ಪೂರ್ತಿ ಒಣಗಿಸಬೇಕು. ಒಳಗೆ ನೀರು ಉಳಿದಿದ್ದರೆ ಹೊಸ ದ್ರವ್ಯವು ಮಬ್ಬಾಗಬಹುದು. ಪಂಪಿನ ಮೂಲಕವೂ ಆಲ್ಕೋಹಾಲನ್ನು ಹಾಯಿಸಿ ಕಾಗದದ ಮೇಲೆ ಸಿಂಪಡಿಸಬೇಕು. ಕಾಗದ ಒಣಗಿದ ಮೇಲೂ ಹಳೆಯ ವಾಸನೆ ಬಂದರೆ ಅದು ಪಂಪಿನ ರಬ್ಬರು, ಪ್ಲಾಸ್ಟಿಕ್ ಭಾಗಗಳಲ್ಲಿ ಉಳಿದಿದೆ ಎಂದರ್ಥ. ಆಲ್ಕೋಹಾಲು ಬೇಗ ಹೊತ್ತಿಕೊಳ್ಳುವುದರಿಂದ ಈ ಕೆಲಸವನ್ನು ಒಲೆ ಮತ್ತು ದೀಪದಿಂದ ದೂರದಲ್ಲಿ ಮಾಡಬೇಕು.

== ನಿಜವಾದ ಉಳಿತಾಯ ==

ಮರುಭರ್ತಿಗೆಂದು ತಯಾರಾದ ಬಾಟಲಿಯು ಕೆಲವೊಮ್ಮೆ ಸಾಧಾರಣ ಬಾಟಲಿಗಿಂತ ದಪ್ಪವಾಗಿರುತ್ತದೆ. ಉದಾಹರಣೆಗೆ, ಸಾಧಾರಣ ಬಾಟಲಿಯ ತೂಕ 150 ಗ್ರಾಂ, ಮರುಭರ್ತಿ ಬಾಟಲಿಯದು 250 ಗ್ರಾಂ, ಮತ್ತೆ ತುಂಬಲು ಕೊಳ್ಳುವ ಡಬ್ಬಿಯದು 50 ಗ್ರಾಂ ಎಂದಿಟ್ಟುಕೊಳ್ಳೋಣ. ಒಮ್ಮೆಯೂ ಮತ್ತೆ ತುಂಬದಿದ್ದರೆ 100 ಗ್ರಾಂ ಸಾಮಗ್ರಿ ಹೆಚ್ಚಾಗಿಯೇ ಖರ್ಚಾಗುತ್ತದೆ. ಒಮ್ಮೆ ತುಂಬಿದಾಗ ಎರಡೂ ಕಡೆ 300 ಗ್ರಾಂ ಆಗಿ ಲೆಕ್ಕ ಸರಿಹೋಗುತ್ತದೆ. ಎರಡನೆಯ ಬಾರಿ ತುಂಬಿದಾಗ ಮಾತ್ರ 450 ಗ್ರಾಂ ಬದಲು 350 ಗ್ರಾಂ ಸಾಕಾಗಿ ಉಳಿತಾಯ ಆರಂಭವಾಗುತ್ತದೆ. ಇದು ತೂಕದ ಲೆಕ್ಕ ಮಾತ್ರ. ಗಾಜು, ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ತಯಾರಿಕೆಗೆ ಬೇಕಾಗುವ ಶಕ್ತಿ ಬೇರೆಬೇರೆ.

ಅಂಗಡಿಯ ದೊಡ್ಡ ಪಾತ್ರೆಯಿಂದ ನೇರವಾಗಿ ತುಂಬಿಸಿಕೊಂಡರೆ ಪ್ರತಿ ಬಾರಿ ಹೊಸ ಡಬ್ಬಿಯ ಅಗತ್ಯವೂ ಇರುವುದಿಲ್ಲ. ಗ್ರಾಹಕನು ತನ್ನ ಹಳೆಯ ಶೀಷೆಯನ್ನೇ ಅತ್ತರಿನ ಅಂಗಡಿಗೆ ಒಯ್ದಾಗ ಆಗುವುದು ಇದೇ. ಪ್ರತಿ ಸಲವೂ ಹೊಸ ಶೀಷೆಯನ್ನು ಕೊಂಡರೆ ಬಿಡಿಯಾಗಿ ಅಳೆದು ಕೊಟ್ಟ ಅತ್ತರಿನಿಂದಲೂ ಈ ಉಳಿತಾಯ ದೊರೆಯುವುದಿಲ್ಲ.