ಒಂದು ಬಿಲ್, ಮೂರು ಮನೆ

ಮೂರು ಬಾಡಿಗೆ ಮನೆಗಳ ಕಟ್ಟಡ, ಕರೆಂಟಿಗೆ ಒಂದೇ ಮುಖ್ಯ ಮೀಟರ್, ಒಳಗೆ ಮನೆಗೊಂದು ಸಬ್‌ಮೀಟರ್ ಎಂದುಕೊಳ್ಳಿ. ಈ ತಿಂಗಳು ಮುಖ್ಯ ಮೀಟರ್ 520 ಯೂನಿಟ್ ತೋರಿಸಿದೆ. ಬಿಲ್ಲು 4,160 ರೂಪಾಯಿ, ಅಂದರೆ ಎಲ್ಲ ಸೇರಿ ಯೂನಿಟ್ಟಿಗೆ 8 ರೂಪಾಯಿ. ಮನೆಗಳ ಬಳಕೆ 180, 140, 120, ಕೂಡಿದರೆ 440. ಉಳಿದ 80 ಯೂನಿಟ್ ಯಾರದು?

ನೀರೆತ್ತುವ ಮೋಟಾರು ಮತ್ತು ಮೆಟ್ಟಿಲ ದೀಪಗಳದು. ಇದನ್ನು ಮೂರು ಸಮಪಾಲು ಮಾಡುವುದೇ ರೂಢಿ. ಆದರೆ ನೀರು ಹೆಚ್ಚು ಬಳಸುವವರ ಮೋಟಾರು ಖರ್ಚನ್ನು ಒಂಟಿಯಾಗಿರುವ ಬಾಡಿಗೆದಾರ ಏಕೆ ಹೊರಬೇಕು? ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುವ ಮೋಟಾರು ದಿನಕ್ಕೆ ಎರಡು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ನೀರಿನ ಸಬ್‌ಮೀಟರುಗಳು 30, 20, 10 ಸಾವಿರ ಲೀಟರ್ ತೋರಿಸಿದ್ದರೆ, ಆ 60 ಯೂನಿಟ್ಟನ್ನೂ 30, 20, 10 ಎಂದೇ ಹಂಚಬಹುದು. ನೀರಿನ ಬಿಲ್ಲಿಗೂ ಇದೇ ಅನುಪಾತ ಸಾಕು. ದೀಪದ 20 ಯೂನಿಟ್ ಮಾತ್ರ ಸಮಪಾಲು. ಆಗ ಕರೆಂಟಿಗೆ ಮನೆಗಳು ಕೊಡಬೇಕಾದ್ದು ಸುಮಾರು 1,733, 1,333, 1,093 ರೂಪಾಯಿ.

ಜಗಳ ಹುಟ್ಟುವುದು ಹೆಚ್ಚಾಗಿ ದಿನಾಂಕದಿಂದ. ಮುಖ್ಯ ಮೀಟರ್ ಓದಿದ ದಿನವೇ ಸಬ್‌ಮೀಟರುಗಳನ್ನೂ ಓದಿ, ಫೋಟೊ ತೆಗೆದಿಡಬೇಕು. ಖಾಲಿ ಮನೆಯಿದ್ದರೆ ನಿಗದಿತ ಶುಲ್ಕವನ್ನು ಯೂನಿಟ್ ದರದಲ್ಲಿ ಬೆರೆಸದೆ ಬೇರೆ ಹಂಚಿ, ಆ ಮನೆಯ ಪಾಲನ್ನು ಮಾಲೀಕರೇ ಕೊಡುವುದು ನ್ಯಾಯ.

ನೀರಿನ ಲೆಕ್ಕದಲ್ಲಿ ವ್ಯತ್ಯಾಸ ದಿಢೀರನೆ ಏರಿದರೆ, ಟ್ಯಾಂಕ್ ತುಂಬಿಸಿ, ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮಟ್ಟ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದು, ಸಬ್‌ಮೀಟರುಗಳು ಅಲುಗದಿದ್ದರೆ, ಸೋರಿಕೆ ಟ್ಯಾಂಕಿಗೂ ಮೀಟರಿಗೂ ನಡುವೆ ಇರಬಹುದು; ಹನಿಹನಿ ಸೋರುವ ನಲ್ಲಿಯನ್ನು ಮೀಟರ್ ಗಮನಿಸದೆಯೂ ಇರಬಹುದು.