ಗೋಡೆ ದಪ್ಪ, ಬಾಗಿಲು ತಗಡು

ಹಾನಗಲ್ಲ ಹತ್ತಿರದ ನಮ್ಮ ಅಜ್ಜಿಯ ಊರಿನಲ್ಲಿ ಮನೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲೂ ಇಂಥ ಹಳೆಯ ಮನೆಗಳನ್ನು ನೀವು ನೋಡಿರಬಹುದು. ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಆದರೆ ಹಳೆಯ ಕಟ್ಟಿಗೆ ಬಾಗಿಲಿಗೆ ಗೆದ್ದಲು ಹತ್ತಿತೆಂದು ಮಾಮ ತಗಡಿನ ಬಾಗಿಲು ಕೂಡಿಸಿದ ಮೇಲೆ ಪಡಸಾಲೆ ಕಾಯತೊಡಗಿತು. ಗೋಡೆಗೆ ಒಳಗಡೆಯಿಂದ ಇನ್ನೊಂದು ಗೋಡೆ ಕಟ್ಟಿಸೋಣ ಎಂದು ಮಾಮ ಹೊರಟಾಗ ಅಜ್ಜಿ ಕೇಳಿದ್ದು ಇಷ್ಟೇ: “ಮೊದಲ ಗ್ವಾಡಿ ಮುಟ್ಟಿ ನೋಡೋ, ಆಮ್ಯಾಲ ಬಾಗಲ ಮುಟ್ಟು.”

ಅಜ್ಜಿಯ ಮಾತನ್ನು ಲೆಕ್ಕಕ್ಕೆ ಇಳಿಸಿ ನೋಡೋಣ.

ಶಾಖ ಯಾವಾಗಲೂ ಬಿಸಿ ಕಡೆಯಿಂದ ತಂಪು ಕಡೆಗೆ ಹರಿಯುತ್ತದೆ. ದಾರಿಯಲ್ಲಿರುವ ಪ್ರತಿ ಪದರವೂ ಅದಕ್ಕೆ ಒಂದಿಷ್ಟು ತಡೆ ಒಡ್ಡುತ್ತದೆ. ಪದರದ ದಪ್ಪವನ್ನು ಆ ವಸ್ತುವಿನ ಶಾಖವಾಹಕತೆಯಿಂದ ಭಾಗಿಸಿದರೆ ಒಂದು ಚದರ ಮೀಟರಿನ ತಡೆ ಸಿಗುತ್ತದೆ. ಒಣ ಮಣ್ಣಿನ ಗೋಡೆಯ ವಾಹಕತೆ ಸುಮಾರು 0.75. ದಪ್ಪ 0.45 ಮೀಟರ್. ಹಾಗಾಗಿ ತಡೆ 0.6.

ಗೋಡೆಯ ಎರಡೂ ಮೈಗೆ ಅಂಟಿಕೊಂಡ ತೆಳುವಾದ ಗಾಳಿಯ ಪದರವೂ ತಡೆಯುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಒಳಗಿನದು ಸುಮಾರು 0.13, ಗಾಳಿ ಬೀಸುವ ಹೊರಗಿನದು 0.04. ಇವೆಲ್ಲ ಒಂದರ ಹಿಂದೆ ಒಂದು ಇರುವುದರಿಂದ ಒಂದೇ ಶಾಖ ಎಲ್ಲವನ್ನೂ ದಾಟಬೇಕು. ಆದ್ದರಿಂದ ಕೂಡಿಸಬೇಕು: 0.6 + 0.13 + 0.04 = 0.77.

ಇನ್ನು ತಗಡಿನ ಬಾಗಿಲು. ಕಬ್ಬಿಣದ ತಡೆ ಇಲ್ಲವೆನ್ನುವಷ್ಟು ಕಡಿಮೆ. ಉಳಿದದ್ದು ಎರಡು ಗಾಳಿ ಪದರ ಮಾತ್ರ, ಒಟ್ಟು 0.17.

ಅಜ್ಜಿಯ ಮುಂಗಡೆ ಗೋಡೆ 12 ಅಡಿ ಉದ್ದ, 9 ಅಡಿ ಎತ್ತರ, ಅಂದರೆ 10 ಚದರ ಮೀಟರ್. ಅದರಲ್ಲಿ ಬಾಗಿಲಿನ ಪಾಲು 2, ಮಣ್ಣಿನ ಪಾಲು 8. ಮುಂದೆ ಚಪ್ಪರ ಇರುವುದರಿಂದ ನೇರ ಬಿಸಿಲು ಬೀಳುವುದಿಲ್ಲ. ಹೊರಗೆ 40 ಡಿಗ್ರಿ, ಒಳಗೆ 30 ಡಿಗ್ರಿ ಎಂದುಕೊಳ್ಳಿ. ವಿಸ್ತೀರ್ಣವನ್ನು 10 ಡಿಗ್ರಿಯಿಂದ ಗುಣಿಸಿ ತಡೆಯಿಂದ ಭಾಗಿಸಿದರೆ ಮಣ್ಣಿನಿಂದ ಬರುವ ಶಾಖ 104 ವ್ಯಾಟ್, ಬಾಗಿಲಿನಿಂದ ಬರುವುದು 118 ವ್ಯಾಟ್. ಐದನೇ ಒಂದು ಭಾಗದ ಬಾಗಿಲು ಇಡೀ ಗೋಡೆಗಿಂತ ಹೆಚ್ಚು ಶಾಖ ಒಳಬಿಡುತ್ತಿದೆ!

ಇಲ್ಲಿ ಒಂದು ತಪ್ಪು ಸುಲಭವಾಗಿ ನುಸುಳುತ್ತದೆ. ಗೋಡೆ ಮತ್ತು ಬಾಗಿಲು ಅಕ್ಕಪಕ್ಕದ ದಾರಿಗಳು. ಶಾಖಕ್ಕೆ ಯಾವ ದಾರಿ ಸುಲಭವೋ ಅಲ್ಲಿ ಹೆಚ್ಚು ಹರಿಯುತ್ತದೆ. ಹೀಗಿರುವಾಗ ತಡೆಗಳ ಸರಾಸರಿ ತೆಗೆಯಬಾರದು. ವಿಸ್ತೀರ್ಣಕ್ಕೆ ತಕ್ಕಂತೆ ಸರಾಸರಿ ತೆಗೆದರೆ 0.65 ಬರುತ್ತದೆ, ಒಟ್ಟು 154 ವ್ಯಾಟ್ ಎಂದು ಖುಷಿಪಡುತ್ತೇವೆ. ನಿಜಕ್ಕೂ ಒಳಬರುವುದು 222 ವ್ಯಾಟ್. ಅಕ್ಕಪಕ್ಕದ ದಾರಿಗಳಲ್ಲಿ ಕೂಡಿಸಬೇಕಾದದ್ದು ತಡೆಯನ್ನಲ್ಲ, ಹರಿವನ್ನು. ವಿದ್ಯುತ್ ಪಾಠ ಓದಿದವರಿಗೆ ಇದು ಪರಿಚಿತ ಅನ್ನಿಸಬಹುದು. ಶಾಖದ ಹರಿವಿನ ಗಣಿತವನ್ನು ಫ್ರಾನ್ಸಿನ ಫೂರಿಯೆ 1822ರಲ್ಲಿ ಪ್ರಕಟಿಸಿದ್ದ. ಜರ್ಮನಿಯ ಓಮ್ ಅದೇ ಜಾಡು ಹಿಡಿದು 1827ರಲ್ಲಿ ವಿದ್ಯುತ್ತಿನ ನಿಯಮ ಮುಂದಿಟ್ಟ.

ಮಾಮನ ಯೋಜನೆಯಂತೆ ಗೋಡೆಯನ್ನು ದುಪ್ಪಟ್ಟು ದಪ್ಪ ಮಾಡಿದರೆ ಮಣ್ಣಿನ ಪಾಲು 58 ವ್ಯಾಟಿಗೆ ಇಳಿಯುತ್ತದೆ. ಬಾಗಿಲಿನ 118 ಹಾಗೇ ಇರುತ್ತದೆ. ಒಟ್ಟು 176. ಅದರ ಬದಲು ಗೋಣಿಚೀಲದೊಳಗೆ ಮೂರು ಸೆಂಟಿಮೀಟರ್ ದಪ್ಪ ಭತ್ತದ ಹುಲ್ಲು ತುಂಬಿ ಹೊಲಿದು, ಬಾಗಿಲಿನ ಒಳಮೈಗೆ ಕಟ್ಟಿದರೆ? ಒಣ ಹುಲ್ಲಿನ ವಾಹಕತೆ ಸುಮಾರು 0.06, ತಡೆ 0.5. ಬಾಗಿಲಿನ ಒಟ್ಟು ತಡೆ 0.67 ಆಗಿ ಅಲ್ಲಿಂದ ಬರುವುದು ಬರೀ 30 ವ್ಯಾಟ್. ಗೋಡೆಯನ್ನು ಮುಟ್ಟದೆಯೇ ಒಟ್ಟು 134! ಹಾನಗಲ್ಲ ಸೀಮೆಯಲ್ಲಿ ಭತ್ತದ ಹುಲ್ಲಿಗೇನು ಬರ?

ಅಜ್ಜಿಯ ಕೈಪರೀಕ್ಷೆ ಸರಿಯಾದದ್ದೂ ಇದೇ ಲೆಕ್ಕದಿಂದ. ಹತ್ತು ಡಿಗ್ರಿಯನ್ನು ಪದರಗಳು ತಮ್ಮ ತಮ್ಮ ತಡೆಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ಮಣ್ಣೇ ಹೆಚ್ಚಿನ ಪಾಲು ನುಂಗುವುದರಿಂದ ಗೋಡೆಯ ಒಳಮೈ ಸುಮಾರು 31.7 ಡಿಗ್ರಿ. ತಗಡು ಏನನ್ನೂ ನುಂಗದು, ಅದರ ಒಳಮೈ 37.6. ಹುಲ್ಲಿನ ಚೀಲ ಕಟ್ಟಿದ ಮೇಲೆ ಅದರ ಮೈ 32ರ ಹತ್ತಿರ ಬಂದರೆ ಕೆಲಸ ಆಯಿತೆಂದು ತಿಳಿಯಿರಿ. ಬರದಿದ್ದರೆ ಸಂದಿಯಲ್ಲಿ ಬಿಸಿಗಾಳಿ ನುಗ್ಗುತ್ತಿರಬೇಕು, ಇಲ್ಲವೇ ಹುಲ್ಲು ತೊಯ್ದಿರಬೇಕು. ನೀರು ಕುಡಿದ ಹುಲ್ಲು ಶಾಖವನ್ನು ಚೆನ್ನಾಗಿ ಬಿಟ್ಟುಕೊಡುತ್ತದೆ. ಒಲೆಯ ಹತ್ತಿರದ ಬಾಗಿಲಿಗಂತೂ ಹುಲ್ಲು ಕಟ್ಟಲೇಬೇಡಿ, ಬೆಂಕಿ ಹತ್ತೀತು.

ಒಂದು ಮಾತು ಬಿಟ್ಟಿದ್ದೇನೆ. ಈ ಲೆಕ್ಕ ಹೊರಗಿನ ಬಿಸಿ ಬಹಳ ಹೊತ್ತು ಒಂದೇ ಸಮ ಇದ್ದರೆ ಮಾತ್ರ ಪೂರ್ತಿ ಸರಿ. ದಪ್ಪ ಮಣ್ಣು ಹಗಲಿನ ಶಾಖವನ್ನು ಹೊಟ್ಟೆಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ತಡವಾಗಿ ಒಳಗೆ ಬಿಡುತ್ತದೆ. ರಾತ್ರಿ ಊಟ ಮುಗಿದ ಮೇಲೆ ಮತ್ತೆ ಕೈಯಿಟ್ಟು ನೋಡಿ. ಗೋಡೆ ಬೆಚ್ಚಗಿರುತ್ತದೆ, ತಗಡಿನ ಬಾಗಿಲು ತಣ್ಣಗಿರುತ್ತದೆ. ಆಗ ಅಜ್ಜಿ ಹುಲ್ಲಿನ ಚೀಲವನ್ನು ಬಿಚ್ಚಿ ಬದಿಗಿಟ್ಟು, ಬಾಗಿಲು ತೆರೆದು, ಅಂಗಳದಲ್ಲಿ ಚಾಪೆ ಹಾಸುತ್ತಾಳೆ.